ಅಜ್ಜಿಯ ಮಾತು ಎಷ್ಟು, ನಮ್ಮ ಮಾತು ಎಷ್ಟು: ಸಂದರ್ಶನ ಲೇಖನವನ್ನು ಕಿರಿದುಗೊಳಿಸುವ ಬಗೆ

ನಮ್ಮ ವಿಭಾಗದ ವಾರ್ತಾಪತ್ರಕ್ಕೆಂದು ಎರಡನೆಯ ವರ್ಷದ ಐಚ್ಛಿಕ ಕನ್ನಡ ವಿದ್ಯಾರ್ಥಿನಿಯೊಬ್ಬಳು ಸಂದರ್ಶನ ಲೇಖನವೊಂದನ್ನು ತಂದುಕೊಟ್ಟಳು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮನೆಮಾತಿನ ಹಳ್ಳಿ. ಅಲ್ಲಿ ಅವಳ ಅಜ್ಜಿಯ ಓರಗೆಯ ಹಿರಿಯಳೊಬ್ಬರು. 1972ರ ಬರದಲ್ಲಿ ಸರಕಾರದ ಕಾಮಗಾರಿಯಲ್ಲಿ ಖಡಿ ಒಡೆದವರು. ಎರಡು ಸಂಜೆ ಕುಳಿತು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅದನ್ನು ಕೇಳಿ ಕೇಳಿ ಬರೆದ ಲೇಖನ. ಒಳ್ಳೆಯ ಕೆಲಸ. ಆದರೆ ಅದರ ಅಳತೆ ಸುಮಾರು ಸಾವಿರದ ಐದುನೂರು ಪದ. ನಮ್ಮಲ್ಲಿದ್ದ ಜಾಗ ಒಂದೇ ಪುಟ, ಎಂದರೆ ಐದುನೂರು ಪದ.

ಕಿರಿದು ಮಾಡಿಕೊಂಡು ಬಾ ಎಂದು ಕಳಿಸಿದೆ. ಮೂರು ದಿನದ ಮೇಲೆ ತಂದಳು. ಅಳತೆ ಸರಿಯಾಗಿತ್ತು, ವಾಕ್ಯಗಳು ತಿದ್ದಿದ್ದವು, ಕಾಗುಣಿತ ಶುದ್ಧವಾಗಿತ್ತು. ಆದರೆ ಓದಿ ಮುಗಿಸಿದಾಗ ಅಜ್ಜಿ ಎಲ್ಲಿಯೂ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಆಡದ ಎರಡು ಮಾತು ಅವರ ಹೆಸರಿನಲ್ಲಿ ಸೇರಿಕೊಂಡಿದ್ದವು. ಅವಳೇನೂ ಬೇಕೆಂದು ಸೇರಿಸಿದ್ದಲ್ಲ. ಕಿರಿದುಗೊಳಿಸುವಾಗ ತಾವಾಗಿಯೇ ನುಸುಳಿದವು. ಆ ಲೇಖನವನ್ನು ಮತ್ತೆ ಇಬ್ಬರೂ ಕುಳಿತು ಕಟ್ಟಿದ ಬಗೆಯನ್ನು, ಅವಳ ಒಪ್ಪಿಗೆಯಿಂದ, ಇಲ್ಲಿ ಬರೆಯುತ್ತಿದ್ದೇನೆ. ಊರಿನ ಮತ್ತು ಜನರ ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲು ಒಂದು ವ್ಯಾಕರಣದ ಮಾತು. ನಮ್ಮ ಭಾಷೆಯಲ್ಲಿ ಒಬ್ಬರ ಮಾತನ್ನು ನೇರವಾಗಿ ಹೇಳುವುದಕ್ಕೂ ಸುತ್ತಿ ಹೇಳುವುದಕ್ಕೂ ನಡುವಿನ ಗೋಡೆ ಬಹಳ ತೆಳ್ಳಗಿನದು. ‘ನಾನು ನಾಳೆ ಬರುತ್ತೇನೆ ಎಂದಳು’ ಎಂಬುದರಲ್ಲಿ ನಾಳೆ ಬರುವವರು ಯಾರು? ಅವಳೂ ಆಗಬಹುದು, ಹೇಳುತ್ತಿರುವ ನಾನೂ ಆಗಬಹುದು. ಅನುಮಾನ ಬಾರದಂತೆ ‘ತಾನು ನಾಳೆ ಬರುತ್ತೇನೆಂದಳು’ ಎಂದು ಬರೆದರೂ ಕ್ರಿಯಾಪದ ಮಾತ್ರ ಉತ್ತಮ ಪುರುಷದಲ್ಲಿಯೇ ನಿಲ್ಲುತ್ತದೆ. ‘ಎಂದು’ ಎಂಬ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ತಾಳೆಗರಿಯ ಕಾಲದಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. ಎಂದು, ಎಂಬ, ಎನೆ ಇವುಗಳಿಂದಲೇ ನಡೆಯಿತು. ಇಂದು ಮುದ್ರಿತ ಪುಟದಲ್ಲಿ ಆ ಎರಡನ್ನು ಬೇರೆ ಮಾಡುವುದು ಆ ಸಣ್ಣ ಚಿಹ್ನೆಯೊಂದೇ. ನಾನು ಓದಿದ ಮರಾಠಿ ಶಾಲೆಯಲ್ಲಿ ಅದಕ್ಕೆ ‘ಅವತರಣಚಿಹ್ನ’ ಎನ್ನುತ್ತಿದ್ದರು. ಅದರೊಳಗೆ ಇಟ್ಟದ್ದು ಇದೇ ಮಾತು, ಇದೇ ರೂಪದಲ್ಲಿ ಆ ಬಾಯಿಂದ ಬಂದಿತು ಎಂದು ಓದುಗನಿಗೆ ಕೊಟ್ಟ ವಚನ. ಚಿಹ್ನೆ ತೆಗೆದ ಕೂಡಲೆ ಆ ವಚನದಿಂದ ಬಿಡುಗಡೆ; ಆದರೆ ಅಂದಿನಿಂದ ಆ ವಾಕ್ಯದ ತಪ್ಪುಒಪ್ಪಿಗೆ ಬರೆದವನೇ ಹೊಣೆ. ಲೇಖನವನ್ನು ಕಿರಿದು ಮಾಡುವವನು ಈ ಹೊಣೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತಿರುತ್ತಾನೆ.

ಮೂಲ ಲೇಖನದಲ್ಲಿ ಒಟ್ಟು ಹದಿನಾಲ್ಕು ಉದ್ಧರಣೆಗಳಿದ್ದವು. ಮೊದಲ ಕೆಲಸವಾಗಿ ಪ್ರತಿಯೊಂದಕ್ಕೂ ಅಂಚಿನಲ್ಲಿ ಸಂಖ್ಯೆ ಹಾಕಿ, ಧ್ವನಿಮುದ್ರಣದಲ್ಲಿ ಅದು ಎಷ್ಟನೆಯ ನಿಮಿಷದಲ್ಲಿದೆ ಎಂದು ಬರೆಯಲು ಹೇಳಿದೆ. ಅದರ ಪಕ್ಕದಲ್ಲಿ ಆ ಮಾತಿಗೆ ಮುಂಚೆ ಇವಳು ಕೇಳಿದ ಪ್ರಶ್ನೆಯನ್ನೂ ಬರೆಯಿಸಿದೆ. ಇದೇಕೆ ಬೇಕೆಂದು ಅವಳಿಗೆ ಆಗ ಅನಿಸಿರಬೇಕು. ಮುಂದೆ ಬಹಳ ಉಪಯೋಗಕ್ಕೆ ಬಂತು.

ಸುಲಭದ್ದರಿಂದ ಆರಂಭಿಸಿದೆವು. ಒಂದನೆಯ ಉದ್ಧರಣೆ ಹೀಗಿತ್ತು: “ಬಹಾತ್ತರ ಸಾಲಿನ ಬರದಾಗ ನಾವು ಖಡಿ ಒಡ್ಯಾಕ ಹೋಗತಿದ್ವಿರಿ. ಹಮೀ ಕೆಲಸ ಅದು. ಊರಿಂದ ಮೂರ ಮೈಲ ದೂರ ಇತ್ತು. ಮುಂಜಾನೆದ್ದು ಹೋದ್ರ ಹೊತ್ತ ಮುಳುಗಿದ ಮ್ಯಾಲೆ ಬರತಿದ್ವಿ. ವಾರಕ್ಕೊಮ್ಮೆ ಪಗಾರ ಕೊಡತಿದ್ರು.”

ಇದರಲ್ಲಿರುವುದು ಮಾಹಿತಿ. ಯಾವ ವರ್ಷ, ಯಾವ ಕೆಲಸ, ಎಷ್ಟು ದೂರ, ಕೂಲಿ ಯಾವಾಗ. ಅದೇ ಕಾಮಗಾರಿಗೆ ಹೋದ ಇನ್ನೊಬ್ಬರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ಹೇಳಿದ ರೀತಿಯಲ್ಲಿ ಅಜ್ಜಿಯ ಸ್ವಂತದ್ದೆಂಬುದು ಹೆಚ್ಚಿಲ್ಲ. ಇಂಥದ್ದನ್ನು ನಿಶ್ಚಿಂತೆಯಿಂದ ನಮ್ಮ ಮಾತಿಗೆ ತಿರುಗಿಸಬಹುದು. ವಿದ್ಯಾರ್ಥಿನಿಯ ರೂಪ ಇದು: ‘1972ರಲ್ಲಿ ರೋಜಗಾರ ಹಮೀ ಕಾನೂನಿನ ಪ್ರಕಾರ ನಡೆದ ಕಾಮಗಾರಿಯಲ್ಲಿ ಅವರು ಖಡಿ ಒಡೆದರು.’ ಇಲ್ಲಿ ತಡೆದೆ. ಮಹಾರಾಷ್ಟ್ರದ ರೋಜಗಾರ ಹಮೀ ಕಾನೂನು 1977ರದು. ಅಜ್ಜಿ ‘ಹಮೀ ಕೆಲಸ’ ಎಂದರೆ ಅದು ತಪ್ಪಲ್ಲ. ಸರಕಾರಿ ಬರಗಾಲದ ಕೆಲಸಕ್ಕೆಲ್ಲ ಆಮೇಲೆ ಊರಿನ ಬಾಯಲ್ಲಿ ನಿಂತ ಹೆಸರು ಅದು. ಚಿಹ್ನೆಯೊಳಗೆ ಇದ್ದಷ್ಟು ಕಾಲ ಅದು ಅವರ ನೆನಪಿನ ಮಾತು. ಚಿಹ್ನೆ ಬಿಚ್ಚಿ ‘ಕಾನೂನಿನ ಪ್ರಕಾರ’ ಎಂದು ಸೇರಿಸಿದೊಡನೆ ಅದು ಇತಿಹಾಸದ ಹೇಳಿಕೆಯಾಯಿತು, ಐದು ವರ್ಷದ ತಪ್ಪಿನೊಂದಿಗೆ. ನೇರ ಮಾತನ್ನು ಸಾರವಾಗಿ ಬರೆಯುವಾಗ ವರ್ಷ, ದೂರ, ಹಣ, ಯೋಜನೆಯ ಹೆಸರು ಇವನ್ನು ಬೇರೆ ಕಡೆ ನೋಡಿ ಖಚಿತಪಡಿಸಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಕೊನೆಗೆ ಉಳಿದದ್ದು: ‘1972ರ ಬರದಲ್ಲಿ ಅವರು ಊರಿನಿಂದ ಮೂರು ಮೈಲು ದೂರದ ಬರಗಾಲದ ಕಾಮಗಾರಿಯಲ್ಲಿ ವಾರದ ಕೂಲಿಗೆ ಖಡಿ ಒಡೆದರು.’ ಇಪ್ಪತ್ತನಾಲ್ಕು ಪದ ಹದಿಮೂರಾಯಿತು. ಇದೇ ಬಗೆಯ ಆರು ಉದ್ಧರಣೆಗಳು ಹೀಗೆ ಕರಗಿದವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಬಿಡಬೇಕಾದವೂ ಗುರುತಿಸಲು ಕಷ್ಟವಲ್ಲ, ಬಿಡಲು ಮನಸ್ಸು ಬರುವುದಿಲ್ಲ ಅಷ್ಟೆ. “ಈಗಿನ ಹುಡುಗರಿಗೆ ಕಷ್ಟ ಅಂದ್ರ ಏನಂತ ಗೊತ್ತಿಲ್ಲ, ನಾವು ಬಾಳ ಕಷ್ಟಪಟ್ಟೀವಿ” ಎಂಬುದು ಅವಳ ಲೇಖನದ ತಲೆಬರಹವಾಗಿತ್ತು. ಎಂಬತ್ತು ದಾಟಿದ ಯಾರನ್ನು ಮಾತನಾಡಿಸಿದರೂ ಈ ವಾಕ್ಯ ಸಿಗುತ್ತದೆ. ಇಂಥ ಮಾತಿಗೆ ನಾನು ಒಂದು ಪರೀಕ್ಷೆ ಮಾಡುತ್ತೇನೆ: ಉದ್ಧರಣೆಯ ಮೇಲೆ ಕಾಗದದ ಚೂರು ಇಟ್ಟು ಹಿಂದಿನ ಮತ್ತು ಮುಂದಿನ ವಾಕ್ಯಗಳನ್ನು ಓದುವುದು. ಓದುಗನಿಗೆ ಏನೂ ಕಳೆದುಹೋಗದಿದ್ದರೆ ಆ ಮಾತು ಅಲ್ಲಿ ಬೇಕಿಲ್ಲ. ಈ ವಾಕ್ಯ ಹಾಗೆ ಹೋಯಿತು. ‘ಜನರು ಎಲ್ಲರೂ ಕೂಡಿ ಇರತಿದ್ದರು’ ಎಂಬುದು ಹೋಯಿತು. ಲೇಖಕಿಯನ್ನೇ ಹೊಗಳಿದ ಮಾತೊಂದಿತ್ತು, ಅದೂ ಹೋಯಿತು. ಅಜ್ಜಿಯ ಕಷ್ಟ ಅವರು ಬಿಡಿಸಿ ಹೇಳಿದ ಕಡೆ ತಾನೇ ಕಾಣುತ್ತದೆ. ‘ಕಷ್ಟ’ ಎಂಬ ಪದ ಬೇಕಾಗುವುದಿಲ್ಲ.

ಇನ್ನು ಇಡಬೇಕಾದ ಮಾತು. ಕಾಮಗಾರಿಯ ಕಾಲದಲ್ಲಿ ಅಗ್ಗದ ಧಾನ್ಯದ ಅಂಗಡಿಗೆ ಬರುತ್ತಿದ್ದ ಕೆಂಪು ಜೋಳದ ಬಗ್ಗೆ ಅಜ್ಜಿ ಹೇಳಿದ್ದು ಇದು: “ಕೆಂಪ ಜ್ವಾಳ ತಂದು ಹಾಕಿದ್ರು. ರೊಟ್ಟಿ ಬಡದ್ರ ಒಡೀತಿತ್ತು, ಬಾಯಾಗ ಇಟ್ರ ಇಳೀತಿರಲಿಲ್ಲ. ಆದ್ರ ಅದಕ್ಕ ನಾವ್ಯಾರೂ ಹೆಸರಿಡಲಿಲ್ಲ. ಹಸದವರು ಹೆಸರಿಡತಾರೇನು?”

ಆ ಜೋಳ ಅಮೇರಿಕದಿಂದ ಬಂದ ಮಿಲೋ. ನಮ್ಮ ಭಾಗದ ಹಿರಿಯರೆಲ್ಲರಿಗೂ ಅದರ ನೆನಪಿದೆ. ವಿದ್ಯಾರ್ಥಿನಿ ತನ್ನ ಸಂಕ್ಷೇಪದಲ್ಲಿ ಬರೆದಿದ್ದಳು: ‘ಆಗ ದೊರೆಯುತ್ತಿದ್ದ ಕೆಂಪು ಜೋಳಕ್ಕೆ ಹೆಸರು ಸಹ ಇರಲಿಲ್ಲ.’ ಅವಳು ಗಡಿನಾಡಿನವಳೇ. ಮನೆಯಲ್ಲಿ ‘ಹೆಸರಿಡು’ ಎಂದರೆ ಕೊಂಕು ತೆಗೆಯುವುದು, ಊನ ಎತ್ತಿ ಆಡುವುದು ಎಂದು ದಿನವೂ ಕೇಳುವವಳೇ. ಮರಾಠಿಯ ‘ನಾವ ಠೇವಣೆ’ ಎಂಬುದರ ನೆರಳಿನಲ್ಲಿ ಬೆಳೆದ ನುಡಿಗಟ್ಟು ಅದು. ಆದರೆ ಗ್ರಂಥದ ಕನ್ನಡ ಬರೆಯುವಾಗ ಅವಳ ಕೈ ಮನೆಯ ಅರ್ಥವನ್ನು ಮರೆತು ನಿಘಂಟಿನ ಅರ್ಥವನ್ನು ಹಿಡಿಯಿತು. ‘ನಾವು ಕೊಂಕು ನುಡಿಯಲಿಲ್ಲ’ ಎಂಬುದು ‘ಅದಕ್ಕೆ ಹೆಸರಿರಲಿಲ್ಲ’ ಎಂದಾಯಿತು. ಹಸಿದವರ ಸ್ವಾಭಿಮಾನದ ಮಾತು ಜೋಳದ ಬಗೆಗಿನ ಒಂದು ತಪ್ಪು ಮಾಹಿತಿಯಾಗಿ ಹೋಯಿತು.

ಹಾಗಾದರೆ ‘ಕೊಂಕು ನುಡಿಯಲಿಲ್ಲ’ ಎಂದು ಸರಿಯಾಗಿ ಸಾರ ಬರೆದರೆ ಸಾಕೆ? ಸಾಕಾಗದು. ‘ಕೆಂಪು ಜೋಳ ರುಚಿಯಾಗಿರಲಿಲ್ಲ, ಆದರೂ ಹಸಿವಿನಿಂದಾಗಿ ಯಾರೂ ದೂರಲಿಲ್ಲ’ ಎಂದು ಬರೆದು ನೋಡಿದೆವು. ಅರ್ಥ ಪೂರ್ತಿ ಬಂದಿದೆ. ಆದರೆ ಅಜ್ಜಿ ಕೊನೆಗೆ ನಮ್ಮನ್ನೇ ಕೇಳಿದ ಪ್ರಶ್ನೆ ಹೋಯಿತು; ರೊಟ್ಟಿ ಬಡಿದ ಕೈಗೆ ಮಾತ್ರ ಗೊತ್ತಿರುವ ‘ಒಡೀತಿತ್ತು’ ಎಂಬುದು ‘ರುಚಿಯಾಗಿರಲಿಲ್ಲ’ ಎಂಬ ಸಪ್ಪೆ ಮಾತಾಯಿತು. ಇದನ್ನು ಇಡಲೇಬೇಕು. ದೂರದ ಓದುಗನಿಗಾಗಿ, ಉದ್ಧರಣೆಯ ಆಚೆ, ನಮ್ಮ ವಾಕ್ಯದಲ್ಲಿ ‘ಹೆಸರಿಡುವುದೆಂದರೆ ಇಲ್ಲಿನ ಮಾತಿನಲ್ಲಿ ಕೊಂಕು ತೆಗೆಯುವುದು’ ಎಂದು ಸೇರಿಸಿದರಾಯಿತು. ಉದ್ಧರಣೆಯ ಒಳಗೆ ಪದ ಬದಲಿಸಿ ‘ಕೊಂಕು’ ಎಂದು ಹಾಕುವುದು ಮಾತ್ರ ಸಲ್ಲದು.

ಇಲ್ಲೊಂದು ಸಣ್ಣ ಮಾತು. ಅಜ್ಜಿಯ ಆಡುಮಾತನ್ನು ಇದ್ದಂತೆ ಇಟ್ಟ ಇದೇ ವಿದ್ಯಾರ್ಥಿನಿ, ಲೇಖನದಲ್ಲಿ ಬರುವ ನಿವೃತ್ತ ಮುಖ್ಯಾಧ್ಯಾಪಕರ ಮಾತನ್ನು ಶುದ್ಧ ಗ್ರಾಂಥಿಕದಲ್ಲಿ ಬರೆದಿದ್ದಳು. ಧ್ವನಿಮುದ್ರಣ ಕೇಳಿದರೆ ಅವರೂ ‘ಹೋಗತಿದ್ವಿ, ಬರತಿದ್ವಿ’ ಎಂದೇ ಮಾತನಾಡಿದ್ದಾರೆ. ಕಲಿತವರ ಮಾತು ತಿದ್ದಿ, ಕಲಿಯದವರ ಮಾತು ಹಾಗೇ ಬಿಟ್ಟರೆ ಓದುಗನಿಗೆ ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು ಎಂಬ ಭಾವ ಹೋಗುತ್ತದೆ. ಇಬ್ಬರಿಗೂ ಒಂದೇ ನಿಯಮ ಇರಲಿ. ಮುಖ್ಯಾಧ್ಯಾಪಕರ ಮಾತೆಲ್ಲ ಮಾಹಿತಿಯೇ ಆದ್ದರಿಂದ ಕೊನೆಗೆ ಅವರದನ್ನು ಸಾರವಾಗಿಸಿದೆವು. ತೊಡಕು ತಾನೇ ಹರಿಯಿತು.

ಈಗ ಆ ಎರಡು ಆಡದ ಮಾತುಗಳಿಗೆ ಬರುತ್ತೇನೆ. ಮೊದಲನೆಯದು ಮುಕಾದಮನದು. ಧ್ವನಿಮುದ್ರಣದಲ್ಲಿ ಅಜ್ಜಿ ಹೇಳಿದ್ದು: “ಇಪ್ಪತ್ತ ಮಂದಿ ಕೆಲಸಕ್ಕ ಬಂದ್ರ ಮುಕಾದಮ ಇಪ್ಪತ್ತೈದ ಹೆಸರ ಬರೀತಾನ ಅಂತಿದ್ರು. ನಾ ಕಣ್ಣಲೆ ಕಂಡಿಲ್ಲವ್ವ. ನನ್ನ ಪಗಾರದಾಗ ಒಮ್ಮೆ ಒಂದ ದಿನದ್ದು ಕಡಿಮಿ ಬಂದಿದ್ದು ಮಾತ್ರ ಖರೆ.” ಸಂಕ್ಷೇಪದಲ್ಲಿ ಇದು ಹೀಗಾಯಿತು: ‘ಮುಕಾದಮನು ಸುಳ್ಳು ಹೆಸರುಗಳನ್ನು ಬರೆದು ಕೂಲಿಕಾರರ ಪಗಾರವನ್ನು ಕಡಿತ ಮಾಡುತ್ತಿದ್ದನೆಂದು ಅವರು ಆರೋಪಿಸುತ್ತಾರೆ.’

ಒಂದು ವಾಕ್ಯದಲ್ಲಿ ಎಷ್ಟು ಬದಲಾಗಿದೆ ನೋಡಿ. ‘ಅಂತಿದ್ರು’ ಹೋಯಿತು, ಊರವರ ಮಾತು ಅಜ್ಜಿಯ ಮಾತಾಯಿತು. ‘ಕಣ್ಣಲೆ ಕಂಡಿಲ್ಲ’ ಹೋಯಿತು. ‘ಒಮ್ಮೆ, ಒಂದ ದಿನದ್ದು’ ಎಂಬುದು ‘ಮಾಡುತ್ತಿದ್ದನು’ ಎಂಬ ನಿತ್ಯದ ರೂಢಿಯಾಯಿತು. ಕಡಿಮೆ ಬಂದದ್ದಕ್ಕೂ ಸುಳ್ಳು ಹೆಸರಿಗೂ ಅಜ್ಜಿ ಸಂಬಂಧ ಹಚ್ಚಿಲ್ಲ, ಇವಳು ಹಚ್ಚಿದಳು. ಮೇಲೆ ‘ಆರೋಪಿಸುತ್ತಾರೆ’ ಎಂಬ ಕ್ರಿಯಾಪದ. ಅಜ್ಜಿ ಆರೋಪ ಮಾಡಿಲ್ಲ. ನೆನಪು ಮಾಡಿಕೊಂಡರು, ಅದೂ ಎಚ್ಚರಿಕೆಯಿಂದ. ವಿದ್ಯಾರ್ಥಿಗಳೆ, ಸಾರ ಬರೆಯುವಾಗ ‘ಹೇಳಿದರು’ ಎಂಬ ಬಡ ಪದವನ್ನು ಕಡೆಗಣಿಸಬೇಡಿ. ‘ಒಪ್ಪಿಕೊಂಡರು’ ಎಂದರೆ ಮುಚ್ಚಿಟ್ಟದ್ದು ಇತ್ತೆಂದಾಗುತ್ತದೆ. ‘ಸ್ಪಷ್ಟಪಡಿಸಿದರು’ ಎಂದರೆ ಹೇಳಿದ್ದು ಸತ್ಯವೆಂದು ನಾವೇ ಮುದ್ರೆ ಒತ್ತಿದಂತೆ. ಇತ್ತ ‘ಬರೆಯುತ್ತಿದ್ದನಂತೆ’ ಎಂದು ಬರೆದರೆ ಕೇಳಿದ ಮಾತೆಂಬುದು ತಿಳಿಯುತ್ತದೆ ನಿಜ; ಆದರೆ ಬರಹದಲ್ಲಿ ಆ ‘ಅಂತೆ’ಗೆ ಕೆಲವೊಮ್ಮೆ ಅಪನಂಬಿಕೆಯ ಅಥವಾ ಗೇಲಿಯ ದನಿ ಅಂಟಿಕೊಳ್ಳುತ್ತದೆ. ಆಡುಮಾತಿನಲ್ಲಿ ದನಿಯೇ ಅದನ್ನು ಸರಿಪಡಿಸುತ್ತದೆ, ಪುಟದಲ್ಲಿ ಸರಿಪಡಿಸುವವರಿಲ್ಲ.

ಇದಕ್ಕೆ ಎರಡೇ ದಾರಿ. ಮಾತನ್ನು ಪೂರ್ತಿಯಾಗಿ, ಅದರ ಎಲ್ಲ ಮಿತಿಗಳೊಂದಿಗೆ ಇಡಬೇಕು, ಇಲ್ಲವೆ ಬಿಡಬೇಕು. ಅರ್ಧ ಕತ್ತರಿಸುವಂತಿಲ್ಲ. ಅದು ಸಣ್ಣ ಊರು. ಹೆಸರು ಹಾಕದಿದ್ದರೂ ಆ ವರ್ಷದ ಮುಕಾದಮ ಯಾರೆಂದು ಎಲ್ಲರಿಗೂ ಗೊತ್ತು. ಆತ ಈಗಿಲ್ಲ, ಮೊಮ್ಮಕ್ಕಳಿದ್ದಾರೆ. ಉತ್ತರ ಕೊಡಲಾರದವನ ಮೇಲೆ, ಕಂಡವರಿಲ್ಲದ ಮಾತು. ಕೂಲಿಯ ಲೆಕ್ಕವೇ ಲೇಖನದ ವಿಷಯವಾಗಿದ್ದರೆ ಪೂರ್ತಿ ಇಟ್ಟು, ಬೇರೆಯವರನ್ನೂ ಕೇಳಿ, ದಾಖಲೆ ಹುಡುಕಿ ಬರೆಯಬೇಕಿತ್ತು. ಇಲ್ಲಿ ಅದು ಬಂದು ಹೋಗುವ ಮಾತು. ಮೊದಲ ಭಾಗವನ್ನು ಬಿಟ್ಟು, ಅವರ ಸ್ವಂತ ಅನುಭವವನ್ನಷ್ಟೇ ಉಳಿಸಿಕೊಂಡೆವು: ‘ತಮ್ಮ ಕೂಲಿಯಲ್ಲಿ ಒಮ್ಮೆ ಒಂದು ದಿನದ್ದು ಕಡಿಮೆ ಬಂದಿತ್ತೆಂದು ಅವರು ಹೇಳಿದರು.’

ಆಡದ ಎರಡನೆಯ ಮಾತು ಇನ್ನೂ ಸೂಕ್ಷ್ಮ. ಸಂಕ್ಷೇಪದಲ್ಲಿ ಒಂದು ವಾಕ್ಯವಿತ್ತು: ‘ಊರಿನಲ್ಲಿ ಕನ್ನಡ ಶಾಲೆ ಇಲ್ಲದ್ದರಿಂದ ಮಗಳನ್ನು ಓದಿಸಲಾಗಲಿಲ್ಲ ಎಂದು ಅವರು ಹೇಳಿದರು.’ ಓದಿದೊಡನೆ ನನಗೂ ಇದು ಮುಖ್ಯವಾದ ಮಾತೆನಿಸಿತು. ಗಡಿಯ ಈಚೆ ಕನ್ನಡ ಕಲಿಸುವ ನಮಗೆ ಇಂಥ ವಾಕ್ಯ ಕಂಡರೆ ಕೈ ತಾನೇ ಗೆರೆ ಎಳೆಯುತ್ತದೆ. ಅಂಚಿನಲ್ಲಿ ಬರೆಸಿದ್ದ ಪ್ರಶ್ನೆ ನೋಡಿದೆ. ಇವಳು ಕೇಳಿದ್ದಳು: “ಕನ್ನಡ ಸಾಲಿ ಇರಲಿಲ್ಲಂತನ ಮಗಳನ್ನ ಸಾಲಿಗೆ ಕಳಸಲಿಲ್ಲೇನು ಆಯಿ?” ಅಜ್ಜಿಯ ಉತ್ತರ: “ಹೂಂ, ಹಂಗೂ ಇರಬೇಕು.”

ಅಜ್ಜಿ ಆಡಿದ್ದು ಮೂರೇ ಪದ, ಅದರಲ್ಲಿಯೂ ‘ಇರಬೇಕು’ ಎಂಬ ಅನುಮಾನ. ಉಳಿದದ್ದೆಲ್ಲ ಪ್ರಶ್ನೆಯಲ್ಲಿದ್ದದ್ದು. ಸಂದರ್ಶನವನ್ನು ಲೇಖನವಾಗಿ ಬರೆಯುವಾಗ ಪ್ರಶ್ನೆ ಮರೆಯಾಗುತ್ತದೆ. ಆಗ ಕೇಳಿದವರ ಮಾತು ಹೇಳಿದವರ ಬಾಯಿಗೆ ಹೋಗಿ ಕೂಡುತ್ತದೆ. ಹಿರಿಯರು ಮನೆಗೆ ಬಂದ ಹುಡುಗಿಯನ್ನು ನಿರಾಶೆಗೊಳಿಸಬಾರದೆಂದು ಹೂಂ ಎನ್ನುವುದುಂಟು. ಧ್ವನಿಮುದ್ರಣವನ್ನು ಮುಂದೆ ಓಡಿಸಿದೆವು. ಎರಡನೆಯ ಸಂಜೆ, ಯಾರೂ ಕೇಳದೆ, ಬೇರೆ ಯಾವುದೋ ಮಾತಿನ ನಡುವೆ ಅಜ್ಜಿ ಹೇಳುತ್ತಾರೆ: “ನಾ ಖಡಿಗೆ ಹೋದ್ರ ಸಣ್ಣ ಕೂಸಿನ್ನ ಹಿಡಿಯಾಕ ಮನ್ಯಾಗ ಯಾರಿದ್ರು? ಹಿರಿ ಮಗಳನ್ನ ಸಾಲಿ ಬಿಡಿಸಿ ಕುಂಡರಿಸಿದ್ನಿ. ಅಕಿ ಇನ್ನೂ ಆ ಮಾತ ಆಡತಾಳ.”

ಮೂಲ ಲೇಖನದ ಹದಿನಾಲ್ಕು ಉದ್ಧರಣೆಗಳಲ್ಲಿ ಇದು ಇರಲೇ ಇಲ್ಲ. ಮಗಳು ಶಾಲೆ ಕಾಣದವಳಲ್ಲ, ಶಾಲೆಯಲ್ಲಿದ್ದು ಬಿಡಿಸಿದವಳು ಎಂಬುದು ಇಲ್ಲಿ ತಿಳಿಯುತ್ತದೆ. ನಾವು ಹುಡುಕುತ್ತಿದ್ದ ಕಾರಣ ಇದರಲ್ಲಿಲ್ಲ. ಅಜ್ಜಿ ಹೊತ್ತುಕೊಂಡಿರುವ ಕಾರಣ ಇದೆ. ಶಾಲೆಯ ವಾಕ್ಯವನ್ನು ತೆಗೆದು ಇದನ್ನು ಪೂರ್ತಿಯಾಗಿ ಸೇರಿಸಿದೆವು. ಕಿರಿದು ಮಾಡಲು ಕುಳಿತವರು ಹೊಸ ಉದ್ಧರಣೆ ಸೇರಿಸಿದ್ದು ವಿಚಿತ್ರವೆನಿಸೀತು. ಆದರೆ ಆರು ಮಾಹಿತಿಯ ಉದ್ಧರಣೆಗಳು ಬಿಟ್ಟುಕೊಟ್ಟ ಜಾಗ ಅದಕ್ಕಾಗಿಯೇ ಇತ್ತು.

ಕೊನೆಯದು ಎರಡು ಭಾಷೆಗಳ ನಡುವೆ ನಿಂತ ಮಾತು. ಒಮ್ಮೆ ಕಾಮಗಾರಿ ನೋಡಲು ಅಧಿಕಾರಿಯೊಬ್ಬರು ಬಂದರು. ಅಜ್ಜಿ ಸುತ್ತಿಗೆ ಕೆಳಗಿಟ್ಟು ಕುಳಿತಿದ್ದರು. ಕೆಲಸ ಏಕೆ ನಿಲ್ಲಿಸಿದೆ ಎಂದು ಅವರು ಮರಾಠಿಯಲ್ಲಿ ಕೇಳಿದರು. ಅಜ್ಜಿ ಹೇಳಿದ್ದು: “ನಾ ಎರಡೂ ಕೈ ಮ್ಯಾಲ ಮಾಡಿ ‘ಸಾಹೇಬ, ಹಾತ ಬಘಾ’ ಅಂದ್ನಿ. ನನಗ ಮರಾಠಿ ಅಷ್ಟ ಬರತಿತ್ತು.” ವಿದ್ಯಾರ್ಥಿನಿ ಇದನ್ನು ಉದ್ಧರಣೆಯಾಗಿಯೇ ಇಟ್ಟಿದ್ದಳು, ಆದರೆ ಹೀಗೆ: “‘ಸಾಹೇಬರೇ, ನನ್ನ ಕೈಗಳನ್ನು ನೋಡಿ’ ಎಂದೆ.” ಕನ್ನಡ ವಾರ್ತಾಪತ್ರದಲ್ಲಿ ಮರಾಠಿ ಏಕೆ ಎಂಬುದು ಅವಳ ವಾದ. ಜಾಗ ಉಳಿಸಲು ಕೊನೆಯ ವಾಕ್ಯವನ್ನು ಬಿಟ್ಟಿದ್ದಳು.

ಬೇರೆ ಭಾಷೆಯಲ್ಲಿ ಆಡಿದ ಮಾತನ್ನು ಅನುವಾದಿಸಿ ಚಿಹ್ನೆಯೊಳಗೆ ಇಡುವುದು ಸಾಮಾನ್ಯವಾಗಿ ತಪ್ಪಲ್ಲ. ಇಡೀ ಸಂದರ್ಶನ ಮರಾಠಿಯಲ್ಲಿ ನಡೆದಿದ್ದರೆ, ಲೇಖನದ ಆರಂಭದಲ್ಲಿ ಹಾಗೆಂದು ಒಮ್ಮೆ ಹೇಳಿ, ಮುಂದೆ ಕನ್ನಡದಲ್ಲಿಯೇ ಉದ್ಧರಿಸಬಹುದು. ಅನುವಾದ ತೊಡಕೆನಿಸಿದ ಕಡೆ ಸಾರವೇ ಮೇಲು. ಆದರೆ ಇಲ್ಲಿ ಮರಾಠಿಯೇ ಸಂಗತಿ. ಅಧಿಕಾರಿಗೆ ಹೇಳಲು ಅವರ ಬಳಿ ಬಹಳ ಇತ್ತು. ಭಾಷೆ ಇದ್ದದ್ದು ಮೂರು ಪದದಷ್ಟು. ಅದನ್ನು ಸೊಗಸಾದ ಕನ್ನಡ ಮಾಡಿದರೆ ಅಧಿಕಾರಿಯೂ ಅಜ್ಜಿಯೂ ಒಂದೇ ಭಾಷೆಯಲ್ಲಿ ಸರಾಗವಾಗಿ ಮಾತನಾಡಿದಂತಾಗುತ್ತದೆ. ಇದ್ದ ಮಾತನ್ನು ಇದ್ದಂತೆಯೇ ಇಟ್ಟೆವು. ‘ಹಾತ ಬಘಾ’ ಎಂದರೆ ಕೈ ನೋಡಿ ಎಂಬುದನ್ನು ನಮ್ಮ ವಾಕ್ಯದಲ್ಲಿ ಹೇಳಿದೆವು. ಅಧಿಕಾರಿಯ ಪ್ರಶ್ನೆ ಸಾರವಾಗಿಯೇ ಉಳಿಯಿತು. ಅದರ ಪದಗಳು ಅಜ್ಜಿಗೂ ನೆನಪಿಲ್ಲ.

ಇಟ್ಟ ಉದ್ಧರಣೆಯನ್ನು ಒಳಗೇ ಕತ್ತರಿಸುವ ಪ್ರಶ್ನೆ ಒಂದು ಕಡೆ ಮಾತ್ರ ಬಂತು. ಕೆಂಪು ಜೋಳದ ಮಾತಿನ ಮೊದಲಿಗೆ ‘ಏನಂತಾರ ಅದಕ್ಕ, ಅದ ಅಲ್ರಿ’ ಎಂಬ ತಡವರಿಕೆ ಇತ್ತು. ಅದನ್ನು ಬಿಡಬಹುದು, ಅರ್ಥಕ್ಕೆ ಕುಂದಿಲ್ಲ. ಆದಷ್ಟು ಮಾತಿನ ತುದಿಗಳನ್ನೇ ಕತ್ತರಿಸಿ, ನಡುವನ್ನು ಮುಟ್ಟಬೇಡಿ. ನಡುವೆ ಬಿಡಲೇಬೇಕಾದರೆ ಮೂರು ಚುಕ್ಕಿ ಇಡಿ, ಇಲ್ಲವೆ ಉದ್ಧರಣೆ ಮುಗಿಸಿ, ‘ಎಂದರು’ ಎಂದು ಹೇಳಿ, ಮತ್ತೆ ತೆರೆಯಿರಿ. ಎರಡು ಸಂಜೆಯ ಎರಡು ಮಾತನ್ನು ಒಂದೇ ಚಿಹ್ನೆಯೊಳಗೆ ಸೇರಿಸುವಂತಿಲ್ಲ. ಹಾಗೆ ತೆರೆಯುವಾಗ ‘ಕ್ಷಣಕಾಲ ಸುಮ್ಮನಿದ್ದು’, ‘ಕಣ್ಣೊರೆಸಿಕೊಳ್ಳುತ್ತ’ ಎಂದು ಸೇರಿಸುವ ಚಟ ನಮ್ಮಲ್ಲಿ ಬಹಳ. ಅವರು ಸುಮ್ಮನಿದ್ದರೆ ಮಾತ್ರ ಬರೆಯಿರಿ. ಈ ಅಜ್ಜಿ ಕಣ್ಣೊರೆಸಿಕೊಂಡಿರಲಿಲ್ಲ; ಎಲೆಅಡಿಕೆ ಕುಟ್ಟುತ್ತ ಮಾತನಾಡಿದ್ದರು.

ಹೀಗೆ ಹದಿನಾಲ್ಕರಲ್ಲಿ ಎರಡು ಉಳಿದವು, ಒಂದು ಹೊಸದಾಗಿ ಬಂತು. ಮುಗಿದ ಲೇಖನವನ್ನು ವಿದ್ಯಾರ್ಥಿನಿ ಊರಿಗೆ ಒಯ್ದು ಅಜ್ಜಿಗೆ ಓದಿ ಹೇಳಿದಳು. ಮಗಳ ಮಾತನ್ನು ಇಡಬೇಕೋ ಬೇಡವೋ ಎಂಬುದನ್ನು ಅವರನ್ನೇ ಕೇಳಬೇಕಿತ್ತು, ಏಕೆಂದರೆ ಮಗಳು ಅದೇ ಊರಿನಲ್ಲಿದ್ದಾಳೆ. ಅಜ್ಜಿ ಇರಲಿ ಎಂದರು. ಸಾರವಾಗಿಸಿದ ಕಡೆ ಒಂದು ತಿದ್ದುಪಡಿ ಹೇಳಿದರು: ಮೂರು ಮೈಲು ಮೊದಲ ಕಾಮಗಾರಿಗೆ, ಕೈ ತೋರಿಸಿದ ಕಾಮಗಾರಿ ಊರ ಹಳ್ಳದ ಆಚೆಯೇ ಇತ್ತು. ನಾವು ಎರಡನ್ನೂ ಒಂದೇ ಎಂದು ತಿಳಿದು ಬರೆದಿದ್ದೆವು. ‘ಮೊದಲಿಗೆ’ ಎಂಬ ಒಂದು ಪದ ಸೇರಿಸಿ ಸರಿಪಡಿಸಿದೆವು.

ಅಭ್ಯಾಸಕ್ಕಾಗಿ, ಅದೇ ಧ್ವನಿಮುದ್ರಣದ ಬಳಸದೆ ಉಳಿದ ಭಾಗವೊಂದನ್ನು ಕೆಳಗೆ ಕೊಟ್ಟಿದ್ದೇನೆ. ಪ್ರಶ್ನೆ: “ಆಗ ನೀರಿಂದು ಬಾಳ ತ್ರಾಸ ಇತ್ತೇನು ಆಯಿ?” ಉತ್ತರ: “ಇತ್ತವ್ವ, ಬಾಳ ಇತ್ತು. ಬಾವ್ಯಾಗ ಒರತಿ ನೀರ ಅಷ್ಟ. ರಾತ್ರಿ ಹೋಗಿ ಸರದಿ ಹಿಡೀತಿದ್ವಿ. ನಮ್ಮತ್ತಿ ಅಂತಿದ್ಲು, ಅಕಿ ಕಂಡ ಬರದಾಗೂ ಆ ಬಾವಿ ಬತ್ತಿರಲಿಲ್ಲಂತ. ಖರೆನೋ ಸುಳ್ಳೋ ನನಗ ಗೊತ್ತಿಲ್ಲ. ಸರದಿ ಬರೂತನಕ ಖಾಲಿ ಕೊಡದ ಮ್ಯಾಲ ತಲಿ ಇಟ್ಟು ಮಲಗತಿದ್ವಿ. ಯಾರರ ಕೊಡ ತುಂಬಿದ್ರ ಸಪ್ಪಳಕ್ಕ ಎಚ್ಚರ ಆಗತಿತ್ತು.”

ಇದನ್ನು ಇಪ್ಪತ್ತೈದು ಪದಗಳಿಗೆ ಇಳಿಸಿರಿ. ಯಾವ ವಾಕ್ಯವನ್ನು ಚಿಹ್ನೆಯೊಳಗೆ ಇಟ್ಟಿರಿ, ಯಾವುದನ್ನು ನಿಮ್ಮ ಮಾತಾಗಿಸಿದಿರಿ, ಅತ್ತೆಯ ಮಾತನ್ನು ಏನು ಮಾಡಿದಿರಿ ಎಂಬುದನ್ನು ಪಕ್ಕದಲ್ಲಿ ಬರೆದು, ಮುಂದಿನ ಗುರುವಾರದೊಳಗೆ ವಿಭಾಗದಲ್ಲಿ ಕೊಡಿ. ‘ಬಾಳ ಇತ್ತು’ ಎಂಬುದು ಯಾರ ಪದ ಎಂಬುದನ್ನು ಮೊದಲು ನೋಡಿಕೊಳ್ಳಿ.